ಆಡ್ ಅಕೌಂಟ್ ಬಿಟ್ಟು ಹೋಗುವವರು ಮುಂದಿನವರಿಗೆ ಏನು ಬರೆದಿಡಬೇಕು?

ಪ್ರಶ್ನೆ: ಒಂದು ಕಂಪನಿಯ ಗೂಗಲ್ ಆಡ್ಸ್ ಅಕೌಂಟನ್ನು ಮೂರು ವರ್ಷದಿಂದ ನೋಡಿಕೊಳ್ಳುತ್ತಿದ್ದೇನೆ. ಈ ತಿಂಗಳ ಕೊನೆಗೆ ಕೆಲಸ ಬಿಡುತ್ತಿದ್ದೇನೆ. ನನ್ನ ಜಾಗಕ್ಕೆ ಬರುವವರು ನಾನು ಹೋಗಿ ಎರಡು ವಾರ ಆದ ಮೇಲೆ ಸೇರುತ್ತಾರಂತೆ. ಎಲ್ಲವನ್ನೂ ಹ್ಯಾಂಡೋವರ್ ನೋಟ್‌ನಲ್ಲಿ ಬರೆದಿಡಿ ಅಂದಿದ್ದಾರೆ. ಸ್ಕ್ರೀನ್‌ಶಾಟ್ ಹಾಕಿ ಹಾಕಿ 22 ಪುಟ ಆಗಿದೆ, ಆದರೂ ಏನೋ ಬಿಟ್ಟುಹೋಗಿದೆ ಅನ್ನಿಸುತ್ತಿದೆ. ಒಂದು ಟೆಸ್ಟ್ ಬೇರೆ ಅರ್ಧದಲ್ಲಿದೆ. ಏನು ಬರೆಯಲಿ, ಏನು ಬಿಡಲಿ?

ಉತ್ತರ: ಆ 22 ಪುಟವನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಕ್ಯಾಂಪೇನ್ ಹೆಸರು, ದಿನದ ಬಜೆಟ್, ಕೀವರ್ಡ್ ಪಟ್ಟಿ ಇವೆಲ್ಲ ಹೊಸಬರು ಅಕೌಂಟ್ ತೆರೆದರೆ ಅವರಿಗೇ ಕಾಣುತ್ತವೆ. ಯಾವ ದಿನ ಯಾರು ಏನನ್ನು ಬದಲಿಸಿದರು ಅನ್ನುವುದೂ ಕಾಣುತ್ತದೆ. Change history ತೆರೆದರೆ ಎರಡು ವರ್ಷದ ಲೆಕ್ಕ ಅಲ್ಲಿದೆ. ಎಷ್ಟಿದ್ದದ್ದು ಎಷ್ಟಾಯಿತು ಅನ್ನುವುದೂ ಇದೆ. ಆದರೆ ಅಲ್ಲಿ ‘ಯಾಕೆ’ ಅನ್ನುವ ಕಾಲಂ ಇಲ್ಲ. ನಿಮಗೆ ಬಿಟ್ಟುಹೋಗಿದೆ ಅನ್ನಿಸುತ್ತಿರುವುದು ಅದೇ ಇರಬೇಕು.

ಹಾಗಾಗಿ ನೋಟ್‌ನ ಪ್ರತಿ ಸಾಲಿನಲ್ಲೂ ಮೂರು ವಿಷಯ ಇರಲಿ. ಏನು ಮಾಡಿಟ್ಟಿದ್ದೇವೆ, ಯಾಕೆ ಮಾಡಿದೆವು, ಯಾವಾಗ ತೆಗೆಯಬಹುದು. ಮೊದಲ ಎರಡನ್ನು ಕೆಲವರಾದರೂ ಬರೆಯುತ್ತಾರೆ. ಮೂರನೆಯದನ್ನು ಹೆಚ್ಚುಕಡಿಮೆ ಎಲ್ಲರೂ ಮರೆಯುತ್ತಾರೆ. ನಾನು ಕಳೆದ ಬಾರಿ ಬಿಟ್ಟುಬಂದದ್ದು ಒಂದು ಮಾಡ್ಯುಲರ್ ಕಿಚನ್ ಕಂಪನಿಯ ಅಕೌಂಟ್. ಬೆಂಗಳೂರು, ಮೈಸೂರು ಎರಡೂ ಕಡೆ ಅವರ ಶೋರೂಮ್ ಇದೆ. ಯಾವ ಪದ ಹುಡುಕಿದವರಿಗೆ ನಮ್ಮ ಆಡ್ ತೋರಿಸಬಾರದು ಅನ್ನುವ ನೆಗೆಟಿವ್ ಲಿಸ್ಟ್ ಬಗ್ಗೆ ಆಗ ಬರೆದ ನೋಟ್‌ನ ಒಂದು ಸಾಲು ಹೀಗಿತ್ತು:

> ‘steel’, ‘ss’, ‘ಸ್ಟೀಲ್’ ಮೂರೂ ನೆಗೆಟಿವ್ ಲಿಸ್ಟ್‌ನಲ್ಲಿವೆ. ನಾವು ಮಾಡುವುದು ಪ್ಲೈವುಡ್ ಕಿಚನ್ ಮಾತ್ರ. ಸ್ಟೀಲ್ ಬಾಸ್ಕೆಟ್ ಬೇಕು ಅಂತ ಹುಡುಕುವ ಒಳ್ಳೆಯ ಗಿರಾಕಿಗಳೂ ಇದರಿಂದ ತಪ್ಪಿಹೋಗುತ್ತಾರೆ, ಅದು ಗೊತ್ತಿದ್ದೇ ಹಾಕಿದ್ದೇವೆ. ಸ್ಟೀಲ್ ಕಿಚನ್ ಶೋರೂಮಿಗೆ ಬಂದ ದಿನ ಮೂರನ್ನೂ ತೆಗೆಯಿರಿ.

ಒಂದೇ ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ಒಮ್ಮೆ, ಕನ್ನಡ ಅಕ್ಷರದಲ್ಲಿ ಒಮ್ಮೆ ಹಾಕಿದ್ದು ನೋಡಿ ಯಾರೋ ಎರಡು ಸಲ ಹಾಕಿಬಿಟ್ಟಿದ್ದಾರೆ ಅಂದುಕೊಳ್ಳುವುದು ಸಹಜ. ನೆಗೆಟಿವ್ ಕೀವರ್ಡ್ ಸಮಾನ ಪದಗಳಿಗೆ ತಾನಾಗಿ ಹಬ್ಬುವುದಿಲ್ಲ. ಯಾವ ರೂಪವನ್ನು ತಡೆಯಬೇಕೋ ಆ ರೂಪವನ್ನೇ ಹಾಕಬೇಕು. ಅದನ್ನೂ ಒಂದು ಸಾಲಿನಲ್ಲಿ ಬರೆದಿಟ್ಟೆ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಎಷ್ಟೋ ವರ್ಷದ ಹಿಂದೆ ಒಂದು ಫರ್ನಿಚರ್ ಅಂಗಡಿಯ ಅಕೌಂಟ್ ನನ್ನ ಕೈಗೆ ಬಂತು. ನೋಟ್ ಇರಲಿಲ್ಲ. ವಾಟ್ಸಾಪ್ ಬಟನ್ ಒತ್ತಿದ್ದನ್ನು ಹಿಂದಿನವರು ಸೆಕೆಂಡರಿ ಕನ್ವರ್ಷನ್ ಆಗಿ ಇಟ್ಟಿದ್ದರು. ಅಂದರೆ ಅದು ಲೆಕ್ಕಕ್ಕೆ ಸಿಗುತ್ತದೆ, ಆದರೆ ಒಂದೊಂದು ಕ್ಲಿಕ್‌ಗೆ ಎಷ್ಟು ಕೊಡಬೇಕು ಅಂತ ತಾನೇ ತೀರ್ಮಾನಿಸುವ ಗೂಗಲ್‌ನ ಬಿಡ್ಡಿಂಗ್ ಅದನ್ನು ಗಣನೆಗೆ ತೆಗೆದುಕೊಳ್ಳುವುದಿಲ್ಲ. ಮರೆತಿರಬೇಕು ಅಂದುಕೊಂಡು ನಾನು ಅದನ್ನು ಪ್ರೈಮರಿ ಮಾಡಿದೆ. ಮೂರು ವಾರದಲ್ಲಿ ರಿಪೋರ್ಟ್‌ನ ಲೀಡ್ ಮೂರು ಪಟ್ಟಾಯಿತು. ಮಾಲೀಕರು ಫೋನ್ ಮಾಡಿ, ‘ಅಂಗಡಿಗೆ ಜನಾನೇ ಬರ್ತಿಲ್ಲ, ನೀವು ಏನನ್ನು ಎಣಿಸ್ತಿದ್ದೀರಿ?’ ಅಂತ ಕೇಳಿದರು. ಆ ಬಟನ್ ಮೊಬೈಲ್ ಪರದೆಯ ಬಲಮೂಲೆಯಲ್ಲಿ ತೇಲುತ್ತಿತ್ತು, ಸ್ಕ್ರಾಲ್ ಮಾಡುವ ಹೆಬ್ಬೆರಳಿಗೆ ನೇರ ಸಿಗುವ ಜಾಗ. ಒತ್ತಿದವರಲ್ಲಿ ಹೆಚ್ಚಿನವರು ಕೈತಪ್ಪಿ ಒತ್ತಿದವರು. ಬಿಡ್ಡಿಂಗ್ ಅಂಥ ಕ್ಲಿಕ್ಕನ್ನೇ ಅಗ್ಗವಾಗಿ ಹುಡುಕಿ ತರುವುದನ್ನು ಕಲಿತುಬಿಟ್ಟಿತ್ತು. ಹಿಂದಿನವರಿಗೆ ಅದು ಗೊತ್ತಿತ್ತು. ಅವರು ಒಂದು ಸಾಲು ಬರೆದಿದ್ದರೆ ಆ ಮೂರು ವಾರದ ದುಡ್ಡು ಉಳಿಯುತ್ತಿತ್ತು.

ಮೊದಲು ಬರೆಯಬೇಕಾದ್ದು: ಈ ಅಕೌಂಟಿನಲ್ಲಿ ಲೀಡ್ ಅಂದರೆ ಏನು

ನೋಟ್ ಶುರುವಾಗಬೇಕಾದ್ದು ಇಲ್ಲಿಂದ, ಕ್ಯಾಂಪೇನ್‌ನಿಂದ ಅಲ್ಲ. ಆಟೋಮ್ಯಾಟಿಕ್ ಬಿಡ್ಡಿಂಗ್ ಇರುವ ಅಕೌಂಟಿನಲ್ಲಿ ನೀವು ಯಾವುದನ್ನು ಕನ್ವರ್ಷನ್ ಅಂತ ಹೇಳಿಕೊಟ್ಟಿದ್ದೀರೋ ಮಿಕ್ಕಿದ್ದೆಲ್ಲ ಅದರ ಹಿಂದೆಯೇ ಹೋಗುತ್ತದೆ.

ಕಿಚನ್ ಅಕೌಂಟಿನಲ್ಲಿ ಫಾರ್ಮ್ ತುಂಬಿದವರನ್ನೆಲ್ಲ ಲೀಡ್ ಅಂತ ಎಣಿಸುತ್ತಿದ್ದ ಕಾಲ ಒಂದಿತ್ತು. ಅವರಲ್ಲಿ ಬಾಡಿಗೆ ಮನೆಯವರು, ಕಾರ್ಪೆಂಟರ್ ಕೆಲಸ ಕೇಳುವವರು, ಸುಮ್ನೆ ರೇಟ್ ತಿಳಿದುಕೊಳ್ಳುವವರು ಎಲ್ಲರೂ ಇರುತ್ತಿದ್ದರು. ಆಮೇಲೆ ಬದಲಿಸಿದೆವು. ಫಾರ್ಮ್ ಸೆಕೆಂಡರಿ ಆಯಿತು. ಟೆಲಿಕಾಲರ್ ಫೋನ್ ಮಾಡಿ, ಮನೆಗೆ ಬಂದು ಅಳತೆ ತೆಗೆಯಲು ದಿನ ಗೊತ್ತಾದ ಲೀಡ್ ಮಾತ್ರ ಪ್ರೈಮರಿ. ಫಾರ್ಮ್‌ನ ಹಿಂದೆ ಗೂಗಲ್‌ನ ಕ್ಲಿಕ್ ಐಡಿ ಉಳಿಯುತ್ತದೆ. ಟೆಲಿಕಾಲರ್‌ನ ಶೀಟ್‌ನಲ್ಲಿ ‘SV’ ಅಂತ ಬಿದ್ದರೆ ಮಾರನೇ ದಿನ ಅದು ಅಪ್‌ಲೋಡ್ ಆಗುತ್ತದೆ.

ನೋಟ್ ಬರೆಯುವ ಮೊದಲು ನಾನು ಅರ್ಧ ಗಂಟೆ ಆ ಟೆಲಿಕಾಲರ್ ಪಕ್ಕ ಕುಳಿತೆ. ಅದು ನಾನು ಮಾಡಿದ ಒಳ್ಳೆಯ ಕೆಲಸ. ಅವರ ಶೀಟ್‌ನಲ್ಲಿ ಮೂರೇ ಪದ. ಫೋನ್ ಎತ್ತದಿದ್ದರೆ ‘RNR’, ಆಮೇಲೆ ಮಾಡಿ ಅಂದರೆ ‘CB’, ಅಳತೆಗೆ ದಿನ ಗೊತ್ತಾದರೆ ‘SV’. ‘SV ಅಂತ ಯಾವಾಗ ಹಾಕ್ತೀರಿ ಮೇಡಂ?’ ಅಂತ ಕೇಳಿದೆ. ‘ಸ್ವಂತ ಮನೆ ಇರಬೇಕು ಸರ್, ಎರಡು ಲಕ್ಷಕ್ಕೆ ಮೇಲೆ ಬಜೆಟ್ ಇರಬೇಕು, ಮೂರು ತಿಂಗಳ ಒಳಗೆ ಮನೆ ಕೈಗೆ ಬರಬೇಕು. ಇಷ್ಟಿದ್ದರೆ ಮಾತ್ರ ದಿನ ಕೊಡ್ತೀನಿ’ ಅಂದರು. ಅಕೌಂಟ್ ಯಾರನ್ನು ಹುಡುಕಬೇಕು ಅನ್ನುವುದನ್ನು ನಿಜವಾಗಿ ತೀರ್ಮಾನಿಸುವವರು ಅವರೇ. ಆ ಮೂರು ಷರತ್ತು ಕಂಪನಿಯ ಯಾವ ಫೈಲಿನಲ್ಲೂ ಇರಲಿಲ್ಲ, ಅವರ ತಲೆಯಲ್ಲಿತ್ತು. ಅವರು ರಜೆ ಹೋದಾಗ ಬೇರೆಯವರು ಎಲ್ಲರಿಗೂ ದಿನ ಕೊಟ್ಟರೆ ಬಿಡ್ಡಿಂಗ್ ಬೇರೆ ಥರದ ಜನರನ್ನು ತರಲು ಶುರು ಮಾಡುತ್ತದೆ. ನಿಮ್ಮಲ್ಲೂ ಹೀಗೆ ತೀರ್ಮಾನಿಸುವವರು ಒಬ್ಬರಿರುತ್ತಾರೆ. ಹೋಗಿ ಪಕ್ಕ ಕುಳಿತುಕೊಳ್ಳಿ, ಅವರ ಮಾತಿನಲ್ಲೇ ಬರೆದುಕೊಳ್ಳಿ.

ಇದರ ಜೊತೆಗೆ ದಿನದ ಲೆಕ್ಕ ಬರೆಯಲೇಬೇಕು, ಇಲ್ಲದಿದ್ದರೆ ಹೊಸಬರು ಮೊದಲ ವಾರವೇ ಹೆದರುತ್ತಾರೆ. ಗೂಗಲ್ ಆಡ್ಸ್‌ನ Conversions ಕಾಲಂ ಕನ್ವರ್ಷನ್ ಅನ್ನು ಅದು ಆದ ದಿನಕ್ಕೆ ಹಾಕುವುದಿಲ್ಲ, ಕ್ಲಿಕ್ ಆದ ದಿನಕ್ಕೆ ಹಾಕುತ್ತದೆ. ನಮ್ಮಲ್ಲಿ ಕ್ಲಿಕ್ ಆಗಿ SV ಬೀಳುವುದಕ್ಕೆ ಸರಾಸರಿ ಒಂಬತ್ತು ದಿನ ಬೇಕಿತ್ತು. ಒಂದು ವಾರದ ಉದಾಹರಣೆಯನ್ನೇ ನೋಟ್‌ನಲ್ಲಿ ಹಾಕಿದೆ. ಆ ವಾರ ಖರ್ಚು ₹1,40,000. ವಾರ ಮುಗಿದ ಸೋಮವಾರ ನೋಡಿದಾಗ 20 SV, ಅಂದರೆ ಒಂದಕ್ಕೆ ₹7,000. ಮೂರು ವಾರ ಬಿಟ್ಟು ಅದೇ ವಾರವನ್ನು ನೋಡಿದಾಗ 33 SV, ಒಂದಕ್ಕೆ ಸುಮಾರು ₹4,240. ನಮ್ಮ ಟಾರ್ಗೆಟ್ ₹4,300. ಸೋಮವಾರವೇ ಟಾರ್ಗೆಟ್ ಇಳಿಸಿದ್ದರೆ ಚೆನ್ನಾಗಿದ್ದ ವಾರಕ್ಕೆ ಶಿಕ್ಷೆ ಕೊಟ್ಟಂತೆ ಆಗುತ್ತಿತ್ತು. ಹಾಗಾಗಿ ನೋಟ್‌ನಲ್ಲಿ ಹೀಗೆ ಬರೆದೆ:

> ಕಳೆದ 21 ದಿನದ ಅಂಕಿ ನೋಡಿ ಟಾರ್ಗೆಟ್ ಮುಟ್ಟಬೇಡಿ. ಇವತ್ತು ಎಷ್ಟು SV ಬಂತು ಅಂತ ತಿಳಿಯಬೇಕಾದರೆ Conversions (by conv. time) ಕಾಲಂ ಹಾಕಿಕೊಳ್ಳಿ. ಆ ಕಾಲಂ ಟೆಲಿಕಾಲರ್ ಶೀಟ್‌ಗೆ ಹೊಂದುತ್ತದೆ, ಇನ್ನೊಂದು ಹೊಂದುವುದಿಲ್ಲ. ಎರಡೂ ಸರಿ.

ಕ್ಲಿಕ್ ಆದ ಎಷ್ಟು ದಿನದವರೆಗೆ ಕನ್ವರ್ಷನ್ ಎಣಿಸಬೇಕು ಅನ್ನುವ ಕನ್ವರ್ಷನ್ ವಿಂಡೋ 30 ದಿನದ ಬದಲು 90 ದಿನ ಯಾಕೆ ಇದೆ ಅನ್ನುವುದನ್ನೂ ಬರೆದೆ. ಅದಕ್ಕೆ ಕಾರಣ ಆಷಾಢ. ಅದನ್ನು ಮುಂದೆ ಹೇಳುತ್ತೇನೆ.

ಅರ್ಧದಲ್ಲಿರುವ ಟೆಸ್ಟ್

ಹೋಗುವ ಮೊದಲು ಒಂದು ಫಲಿತಾಂಶ ತೋರಿಸೋಣ ಅಂತ ಕೊನೆಯ ದಿನ ಗೆದ್ದದ್ದು ಇದು, ಸೋತದ್ದು ಇದು ಅಂತ ಘೋಷಿಸಬೇಡಿ. ಹೊಸಬರು ಎರಡು ವಾರ ಬಿಟ್ಟು ಬರುತ್ತಾರೆ ಅಂದಿರಲ್ವಾ? ಆ ಎರಡು ವಾರ ಟೆಸ್ಟ್ ತನ್ನಷ್ಟಕ್ಕೆ ನಡೆಯಲಿ. ನಿಮ್ಮ ಕೆಲಸ ಏನೆಂದರೆ, ಫಲಿತಾಂಶ ಬರುವ ಮೊದಲೇ ತೀರ್ಪಿನ ನಿಯಮ ಬರೆದಿಡುವುದು. ಯಾವ ಅಂಕಿ ನೋಡಬೇಕು, ಯಾವ ದಿನ ನೋಡಬೇಕು, ಎಷ್ಟು ವ್ಯತ್ಯಾಸ ಇದ್ದರೆ ಏನು ಮಾಡಬೇಕು. ಇದನ್ನು ಬರೆಯದಿದ್ದರೆ ಹೊಸಬರು ತಮಗೆ ಸರಿ ಕಂಡ ಅಂಕಿಯನ್ನು ನೋಡುತ್ತಾರೆ. ಅದು ತಪ್ಪು ಅಂಕಿಯೇ ಆಗಿರುವ ಸಾಧ್ಯತೆ ಜಾಸ್ತಿ.

ನಾನು ಬಿಟ್ಟುಬಂದ ಟೆಸ್ಟ್ ಇದು. ಬೆಂಗಳೂರು ಕಿಚನ್ ಕ್ಯಾಂಪೇನ್‌ನಲ್ಲಿ ಅರ್ಧ ಜನಕ್ಕೆ ಹಳೆಯ ಪೇಜ್: ಹೆಸರು, ಫೋನ್, ಏರಿಯಾ ಅಷ್ಟೇ ಕೇಳುವ ಫಾರ್ಮ್. ಇನ್ನರ್ಧಕ್ಕೆ ಅದೇ ಪೇಜ್, ಜೊತೆಗೆ ‘ನಿಮ್ಮ ಬಜೆಟ್ ಎಷ್ಟು?’ ಅನ್ನುವ ನಾಲ್ಕನೇ ಪ್ರಶ್ನೆ. 24ನೇ ದಿನ ನೋಟ್ ಬರೆಯುವಾಗ ಎರಡಕ್ಕೂ ತಲಾ ₹1,20,000 ಖರ್ಚಾಗಿತ್ತು. ಹಳೆಯ ಪೇಜ್‌ನಿಂದ 118 ಫಾರ್ಮ್, ಹೊಸದರಿಂದ 81. ಫಾರ್ಮ್ ಮಾತ್ರ ನೋಡಿದರೆ ಹೊಸ ಪೇಜ್ ಸೋತಿದೆ, ಒಂದು ಫಾರ್ಮ್‌ಗೆ ₹1,017 ಇದ್ದದ್ದು ₹1,481 ಆಗಿದೆ. ಯಾರಾದರೂ ತಕ್ಷಣ ನಿಲ್ಲಿಸಿಬಿಡುತ್ತಾರೆ. ಆದರೆ SV ನೋಡಿ: ಹಳೆಯದರಿಂದ 26, ಹೊಸದರಿಂದ 29. ಕಡಿಮೆ ಜನ ಫಾರ್ಮ್ ತುಂಬಿದರು, ಆದರೆ ತುಂಬಿದವರಲ್ಲಿ ನಿಜವಾದ ಗಿರಾಕಿಗಳ ಪಾಲು ಹೆಚ್ಚಿತ್ತು.

ಹಾಗಂತ ಹೊಸ ಪೇಜ್ ಗೆದ್ದಿದೆ ಅಂತಲೂ ಹೇಳುವ ಹಾಗಿಲ್ಲ. 26 ಮತ್ತು 29ರ ನಡುವಿನ ಮೂರು ಬರೀ ಅದೃಷ್ಟವೂ ಆಗಿರಬಹುದು. ಇಷ್ಟು ಸಣ್ಣ ಸಂಖ್ಯೆಗೆ ನಾನು ಒಂದು ಒರಟು ಲೆಕ್ಕ ಹಾಕುತ್ತೇನೆ. ಎರಡೂ ಕಡೆ ಖರ್ಚು ಸಮ ಇರಬೇಕು. ಆಗ ವ್ಯತ್ಯಾಸ ಇದಕ್ಕಿಂತ ದೊಡ್ಡದಾಗಿದ್ದರೆ ಮಾತ್ರ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ:

```
2 × √(A + B)
```

26 ಮತ್ತು 29 ಸೇರಿದರೆ 55. ಅದರ ವರ್ಗಮೂಲ ಸುಮಾರು 7.4, ಎರಡರಿಂದ ಗುಣಿಸಿದರೆ ಸುಮಾರು 15. ನಮ್ಮಲ್ಲಿರುವ ವ್ಯತ್ಯಾಸ ಮೂರು. ಟೆಸ್ಟ್ ಇನ್ನೂ ಮೂರು ವಾರ ನಡೆದರೂ ಪೂರ್ತಿ ಸ್ಪಷ್ಟ ಉತ್ತರ ಬರುವುದು ಕಷ್ಟ ಅಂತ ನನಗೆ ಆಗಲೇ ಕಾಣುತ್ತಿತ್ತು. ಆದ್ದರಿಂದ ಸಮ ಬಂದರೆ ಏನು ಮಾಡಬೇಕು ಅನ್ನುವುದನ್ನೂ ನಿಯಮದಲ್ಲಿ ಸೇರಿಸಿದೆ:

> ಟೆಸ್ಟ್ ಮುಗಿದ ಮೇಲೆ 21 ದಿನ ಕಾಯಿರಿ, ತಡವಾಗಿ ಬೀಳುವ SV ಎಲ್ಲ ಬೀಳಲಿ. ಆಮೇಲೆ SV ಮಾತ್ರ ನೋಡಿ, ಫಾರ್ಮ್ ನೋಡಬೇಡಿ. ಹಳೆಯ ಪೇಜ್ ಮೇಲಿನ ಲೆಕ್ಕದ ಪ್ರಕಾರ ಸ್ಪಷ್ಟವಾಗಿ ಮುಂದಿದ್ದರೆ ಹಳೆಯದನ್ನು ಇಡಿ. ಬೇರೆ ಏನೇ ಬಂದರೂ ಹೊಸದನ್ನು ಇಡಿ. SV ಸಮ ಇದ್ದರೂ 37 ಫೋನ್ ಕರೆ ಕಡಿಮೆ ಆಗುತ್ತವೆ, ಟೆಲಿಕಾಲರ್ ಒಬ್ಬರೇ ಇದ್ದಾರೆ.

ಟೆಸ್ಟ್‌ನ ಸೆಟ್ಟಿಂಗ್‌ನಲ್ಲಿ ಎರಡು ವಿಷಯ ನೋಡಿಕೊಳ್ಳಿ. ಅನುಕೂಲವಾದ ಫಲಿತಾಂಶ ಬಂದರೆ ತಾನಾಗಿ ಅನ್ವಯಿಸು ಅನ್ನುವ ಆಯ್ಕೆ ಆನ್ ಇದೆಯಾ? ನೀವಿಲ್ಲದ ಎರಡು ವಾರದಲ್ಲಿ ಅದು ತೀರ್ಮಾನ ತೆಗೆದುಕೊಂಡುಬಿಟ್ಟರೆ ನಿಮ್ಮ ನಿಯಮಕ್ಕೆ ಬೆಲೆ ಇರುವುದಿಲ್ಲ. ಆಫ್ ಮಾಡಿ. ಎರಡನೆಯದು ಕೊನೆಯ ದಿನಾಂಕ. ಅದು ಬಂದ ದಿನ ಟೆಸ್ಟ್ ನಿಲ್ಲುತ್ತದೆ, ಟ್ರಾಫಿಕ್ ಎಲ್ಲ ಮೂಲ ಕ್ಯಾಂಪೇನ್‌ಗೆ ಮರಳುತ್ತದೆ. ಆ ದಿನಾಂಕ ನೋಟ್‌ನ ಮೊದಲ ಪುಟದಲ್ಲೇ ಇರಲಿ. ಅಲ್ಲಿಯವರೆಗೆ ಮೂಲ ಕ್ಯಾಂಪೇನ್ ಮುಟ್ಟಬೇಡಿ ಅಂತಲೂ ಬರೆಯಿರಿ. ಮೂಲ ಕ್ಯಾಂಪೇನ್‌ನಲ್ಲಿ ಮಾಡಿದ ಬದಲಾವಣೆ ಟೆಸ್ಟ್‌ಗೂ ಹೋಗಬೇಕಾದರೆ ಸಿಂಕ್ ಆನ್ ಇರಬೇಕು. ಇಲ್ಲದಿದ್ದರೆ ಎರಡು ಬೇರೆ ಕ್ಯಾಂಪೇನ್‌ಗಳನ್ನು ಹೋಲಿಸುತ್ತಾ ಕೂರುತ್ತೀರಿ.

ಮುಗಿದ ಟೆಸ್ಟ್‌ಗಳಿಗೆ ಅರ್ಧ ಪುಟ ಸಾಕು. ಆದರೆ ಸೋತದ್ದು ಯಾಕೆ ಸೋತಿತು ಅನ್ನುವುದು ಇರಲಿ. ಮೈಸೂರಿನಲ್ಲಿ ಕನ್ನಡ ಆಡ್ ಹಾಕಿ ನೋಡಿದ್ದೆವು. ಕ್ಲಿಕ್ ಇಂಗ್ಲಿಷ್ ಆಡ್‌ಗಿಂತ ಜಾಸ್ತಿ ಬಂತು, ಫಾರ್ಮ್ ಕಡಿಮೆ ಬಂತು. ಕನ್ನಡದಲ್ಲಿ ಕರೆದು ಇಂಗ್ಲಿಷ್ ಪೇಜ್‌ಗೆ ತಂದು ನಿಲ್ಲಿಸಿದ್ದೆವು. ‘ಕನ್ನಡ ಆಡ್ ಕೆಲಸ ಮಾಡಲ್ಲ’ ಅಂತ ಬರೆದಿದ್ದರೆ ಅದು ಸುಳ್ಳಾಗುತ್ತಿತ್ತು. ‘ಪೇಜ್ ಕನ್ನಡದಲ್ಲಿ ಆದ ಮೇಲೆ ಮತ್ತೆ ಮಾಡಿ’ ಅಂತ ಬರೆದೆ.

ಗೊತ್ತಿರುವ ತೊಂದರೆಗಳು

ಇಲ್ಲಿ ತೊಂದರೆಯ ಹೆಸರು ಬರೆದರೆ ಸಾಲದು. ಅದು ಪರದೆಯ ಮೇಲೆ ಹೇಗೆ ಕಾಣುತ್ತದೆ ಅನ್ನುವುದನ್ನು ಮೊದಲು ಬರೆಯಿರಿ. ಹೊಸಬರಿಗೆ ಎದುರಾಗುವುದು ಲಕ್ಷಣ, ಕಾರಣ ಅಲ್ಲ.

ನಮ್ಮಲ್ಲಿ ಒಮ್ಮೆ ಆರು ದಿನ SV ಸೊನ್ನೆ ಬಂತು. ಅಪ್‌ಲೋಡ್ ಪಟ್ಟಿಯಲ್ಲಿ ದೋಷ ಏನೂ ಇಲ್ಲ, ಪ್ರತಿ ದಿನವೂ ಯಶಸ್ವಿ ಅಂತಲೇ ಇತ್ತು. ಸರಿಯಾಗಿ ನೋಡಿದರೆ ಪ್ರತಿ ದಿನ ಯಶಸ್ವಿಯಾಗಿ ಹೋಗಿದ್ದು ಸೊನ್ನೆ ಸಾಲು. ಶೀಟ್‌ನಲ್ಲಿ ಯಾರೋ ನೀಟಾಗಿರಲಿ ಅಂತ ‘SV’ ಅನ್ನುವುದನ್ನು ‘Site visit’ ಅಂತ ಬದಲಿಸಿದ್ದರು. ನಾವು ಹಾಕಿದ್ದ ಫಿಲ್ಟರ್ ‘SV’ ಅನ್ನುವುದನ್ನು ಮಾತ್ರ ಎತ್ತುತ್ತಿತ್ತು. ಬಿಡ್ಡಿಂಗ್‌ಗೆ ಇದು ಗೊತ್ತಾಗುವುದು ಹೇಗೆ? ಯಾರೂ ಕೊಳ್ಳುತ್ತಿಲ್ಲ ಅಂದುಕೊಂಡು ಬಿಡ್ ಇಳಿಸುತ್ತಾ ಹೋಯಿತು. ಹೆಸರನ್ನು ಸರಿ ಮಾಡಿ, ತಪ್ಪಿಹೋದ ಸಾಲುಗಳನ್ನು ಮತ್ತೆ ಅಪ್‌ಲೋಡ್ ಮಾಡಿದೆವು. ಕ್ಲಿಕ್ ಆಗಿ 90 ದಿನ ದಾಟಿದರೆ ಗೂಗಲ್ ತೆಗೆದುಕೊಳ್ಳುವುದಿಲ್ಲ, ನಮ್ಮದು ಆರೇ ದಿನ, ಹಾಗಾಗಿ ಎಲ್ಲ ಸೇರಿತು. ನೋಟ್‌ನಲ್ಲಿ ಬರೆದದ್ದು ಇಷ್ಟು:

> ಎರಡು ದಿನ ಒಂದೂ SV ಅಪ್‌ಲೋಡ್ ಆಗದಿದ್ದರೆ ಆಡ್ ನೋಡಬೇಡಿ, ಮೊದಲು ಶೀಟ್ ನೋಡಿ. SV ಕಾಲಂನ ಪದ ಬದಲಾಗಿದೆಯಾ, ಕ್ಲಿಕ್ ಐಡಿ ಕಾಲಂ ಖಾಲಿ ಇದೆಯಾ? ಕ್ಲಿಕ್ ಐಡಿ ಖಾಲಿ ಇದ್ದರೆ ವೆಬ್‌ಸೈಟ್‌ನವರು ಫಾರ್ಮ್ ಬದಲಿಸಿರುತ್ತಾರೆ. ಆ ಲೀಡ್‌ಗಳಿಗೆ ಐಡಿ ಇನ್ನು ಸಿಗುವುದಿಲ್ಲ, ಆ ದಿನಗಳಿಗೆ ಡೇಟಾ ಎಕ್ಸ್‌ಕ್ಲೂಷನ್ ಹಾಕಿ.

ಡೇಟಾ ಎಕ್ಸ್‌ಕ್ಲೂಷನ್ ಅಂದರೆ ಇಂತಿಂಥ ದಿನದ ಕ್ಲಿಕ್‌ಗಳ ಕನ್ವರ್ಷನ್ ಲೆಕ್ಕವನ್ನು ನಂಬಬೇಡ ಅಂತ ಬಿಡ್ಡಿಂಗ್‌ಗೆ ಹೇಳುವುದು. ನೀವು ಹಿಂದೆ ಯಾವಾಗಲಾದರೂ ಹಾಕಿದ್ದರೆ ಆ ದಿನಾಂಕಗಳನ್ನು ಬರೆಯಿರಿ. ರಿಪೋರ್ಟ್‌ನಲ್ಲಿ ಆ ದಿನಗಳ ಕುಸಿತ ಹಾಗೇ ಉಳಿದಿರುತ್ತದೆ, ಹೊಸಬರು ಅದನ್ನು ನೋಡಿ ಕಾರಣ ಹುಡುಕುತ್ತಾ ಒಂದು ದಿನ ಕಳೆಯುತ್ತಾರೆ.

ಇನ್ನು ಆಷಾಢ. ಹೊಸಬರು ಹೊರರಾಜ್ಯದವರಾಗಿದ್ದರೆ ಇದನ್ನು ಊಹಿಸುವುದೂ ಕಷ್ಟ. ಗೃಹಪ್ರವೇಶ, ಮನೆ ಕೆಲಸ ಶುರು ಮಾಡುವುದು ಇವನ್ನೆಲ್ಲ ನಮ್ಮ ಜನ ಆಷಾಢದಲ್ಲಿ ಮುಂದೆ ಹಾಕುತ್ತಾರೆ. ಹುಡುಕುವುದನ್ನು ಮಾತ್ರ ನಿಲ್ಲಿಸುವುದಿಲ್ಲ. ಫಾರ್ಮ್ ತುಂಬುತ್ತಾರೆ, ರೇಟ್ ಕೇಳುತ್ತಾರೆ, ಅಳತೆಗೆ ಬರಲಾ ಅಂದರೆ ‘ಶ್ರಾವಣ ಬರಲಿ, ಆಮೇಲೆ ನೋಡೋಣ’ ಅನ್ನುತ್ತಾರೆ. ಶೀಟ್ ತುಂಬ ‘CB’. SV ಬೀಳುವುದಿಲ್ಲ. ಟಾರ್ಗೆಟ್ ಹಿಡಿದು ಓಡುವ ಬಿಡ್ಡಿಂಗ್ ತನ್ನ ಪಾಡಿಗೆ ಬಿಡ್ ಇಳಿಸುತ್ತದೆ. ಶ್ರಾವಣದಲ್ಲಿ ಜನ ಎದ್ದು ಹೊರಟಾಗ ನಮ್ಮ ಆಡ್ ಕೆಳಗೆ ಕೂತಿರುತ್ತದೆ.

ಕಳೆದ ವರ್ಷದ ಜುಲೈಗೆ ಈ ವರ್ಷದ ಜುಲೈ ಹೋಲಿಸಿದರೂ ತಪ್ಪುತ್ತದೆ. ಆಷಾಢ 2024ರಲ್ಲಿ ಜುಲೈ 6ಕ್ಕೆ ಶುರುವಾಯಿತು, 2025ರಲ್ಲಿ ಜೂನ್ 26ಕ್ಕೇ ಬಂತು. ಅಧಿಕ ಮಾಸ ಬಂದ ವರ್ಷ ಇನ್ನೂ ಜಾಸ್ತಿ ಜರುಗುತ್ತದೆ. ಹಾಗಾಗಿ ನೋಟ್ ಬರೆಯುವಾಗ ಇಂಗ್ಲಿಷ್ ತಾರೀಖು ಕೊಡಲಿಲ್ಲ. ‘ಪ್ರತಿ ವರ್ಷ ಪಂಚಾಂಗ ನೋಡಿ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳಿ’ ಅಂತ ಬರೆದೆ. ಗೂಗಲ್‌ನ ಸೀಸನಾಲಿಟಿ ಅಡ್ಜಸ್ಟ್‌ಮೆಂಟ್ ಇದಕ್ಕೆ ಆಗುವುದಿಲ್ಲ. ಅದು ಎರಡು ಮೂರು ದಿನದ ಸೇಲ್, ಹೆಚ್ಚೆಂದರೆ ಒಂದು ವಾರ, ಅಂಥದ್ದಕ್ಕೆ ಮಾಡಿದ್ದು. ತಿಂಗಳಿಗೆ ಅಲ್ಲ.

ನಾನು ಮಾಡುತ್ತಿದ್ದುದು ಇಷ್ಟು. ಆಷಾಢದಲ್ಲಿ ಖರ್ಚು ಕಡಿಮೆ ಮಾಡಬೇಕು ಅಂದರೆ ದಿನದ ಬಜೆಟ್ ಇಳಿಸುತ್ತಿದ್ದೆ, ಟಾರ್ಗೆಟ್ ಇಳಿಸುತ್ತಿರಲಿಲ್ಲ. ಆಷಾಢದ ಕೊನೆಯ ವಾರ ಟಾರ್ಗೆಟ್ ಅನ್ನು ₹4,300ರಿಂದ ₹5,000ಕ್ಕೆ ಏರಿಸುತ್ತಿದ್ದೆ. ಬಿಡ್ಡಿಂಗ್ ಸ್ವಲ್ಪ ಕೈ ಬಿಚ್ಚಲಿ ಅಂತ. ಮೂರು ವಾರ ಬಿಟ್ಟು ಎರಡು ಹಂತದಲ್ಲಿ ವಾಪಸ್ ಇಳಿಸುತ್ತಿದ್ದೆ. ‘CB’ ಆಗಿದ್ದವರು ಶ್ರಾವಣದಲ್ಲಿ SV ಆದಾಗ ಅದು ಆಷಾಢದ ಕ್ಲಿಕ್ ದಿನಕ್ಕೇ ಹೋಗಿ ಸೇರುತ್ತದೆ. ಎಷ್ಟೋ ಸಲ 30 ದಿನ ದಾಟಿರುತ್ತದೆ. ವಿಂಡೋ 90 ದಿನ ಇಟ್ಟದ್ದು ಅದಕ್ಕೇ. ಯಾರಾದರೂ ಅದನ್ನು 30ಕ್ಕೆ ಇಳಿಸಿದರೆ ಆಷಾಢದ ಖರ್ಚೆಲ್ಲ ದಂಡವಾದಂತೆ ಕಾಣುತ್ತದೆ.

ಈ ಸಾಲಿನ ಕೊನೆಗೆ ‘ಎರಡು ಆಷಾಢ ಮಾತ್ರ ನೋಡಿದ್ದೇನೆ, ₹5,000 ಅನ್ನುವುದು ಅಂದಾಜು’ ಅಂತಲೂ ಬರೆದೆ. ನೀವೂ ಪ್ರತಿ ಸಾಲಿಗೆ ಇದನ್ನು ಮಾಡಿ. ಅಳೆದು ತಿಳಿದದ್ದು ಯಾವುದು, ನಿಮ್ಮ ಅಂದಾಜು ಯಾವುದು, ಮಾಲೀಕರು ಹೇಳಿದ್ದಕ್ಕೆ ಮಾಡಿದ್ದು ಯಾವುದು ಅಂತ ಬೇರೆ ಮಾಡಿ ಹೇಳಿ. ಮೂರಕ್ಕೂ ಒಂದೇ ಧ್ವನಿ ಕೊಟ್ಟರೆ ಹೊಸಬರು ಅಂದಾಜನ್ನೂ ಶಾಸನದ ಹಾಗೆ ಪಾಲಿಸುತ್ತಾರೆ, ಇಲ್ಲವೇ ಅಳೆದದ್ದನ್ನೂ ತಳ್ಳಿಹಾಕುತ್ತಾರೆ.

ಸಣ್ಣ ತೊಂದರೆಗಳಿಗೆ ಒಂದೊಂದು ಸಾಲು ಸಾಕು. ಮಂಗಳವಾರ ಶೋರೂಮ್ ರಜೆ, ಫೋನ್ ಎತ್ತುವವರಿಲ್ಲ, ಅದಕ್ಕೆ ಅವತ್ತು ಕಾಲ್ ಬಟನ್ ಬರುವುದಿಲ್ಲ. ಮೈಸೂರು ಫಾರ್ಮ್ ಒಮ್ಮೊಮ್ಮೆ ಎರಡು ಸಲ ಹೋಗುತ್ತದೆ, ಅದಕ್ಕೆ ಎಣಿಕೆ ‘One’ ಅಂತ ಇಟ್ಟಿದೆ, ‘Every’ ಮಾಡಬೇಡಿ. ಜನರ ಬಗ್ಗೆ ಬರೆಯುವಾಗ ಇದೇ ಅಳತೆ ಇರಲಿ. ‘ಸೇಲ್ಸ್‌ನವರು ಫಾಲೋಅಪ್ ಮಾಡಲ್ಲ’ ಅನ್ನುವುದು ದೂರು. ‘ಸಂಜೆ ಆರರ ಮೇಲೆ ಬಂದ ಫಾರ್ಮ್‌ಗೆ ಮಾರನೇ ದಿನ ಹನ್ನೊಂದಕ್ಕೆ ಫೋನ್ ಹೋಗುತ್ತದೆ’ ಅನ್ನುವುದು ಮಾಹಿತಿ. ಹೊಸಬರು ಅವರ ಜೊತೆ ಕೆಲಸ ಮಾಡಬೇಕು, ಆ ನೋಟನ್ನು ಅವರೂ ಓದಬಹುದು.

ನಿಮ್ಮ ಲಾಗಿನ್‌ಗೆ ಕಟ್ಟಿಕೊಂಡಿರುವುದು

ಇದನ್ನು ನೋಟ್‌ನಲ್ಲಿ ಬರೆದರೆ ಸಾಲದು, ನೀವು ಇರುವಾಗಲೇ ಬಿಚ್ಚಬೇಕು. ಗೂಗಲ್ ಆಡ್ಸ್‌ನ ಸ್ಕ್ರಿಪ್ಟ್‌ಗಳು ಅನುಮತಿ ಕೊಟ್ಟವರ ಹೆಸರಿನಲ್ಲಿ ಓಡುತ್ತವೆ. ಆ ವ್ಯಕ್ತಿಯ ಆಕ್ಸೆಸ್ ತೆಗೆದ ದಿನ ಸ್ಕ್ರಿಪ್ಟ್ ನಿಲ್ಲುತ್ತದೆ. ಬಜೆಟ್ ಮೀರಿದರೆ ಎಚ್ಚರಿಸುವ ಸ್ಕ್ರಿಪ್ಟ್ ನಿಂತದ್ದು ಬಜೆಟ್ ಮೀರಿದ ಮೇಲೆಯೇ ಗೊತ್ತಾಗುವುದು. ಅಪ್‌ಲೋಡ್‌ಗೆ ಬಳಸುವ ಗೂಗಲ್ ಶೀಟ್ ನಿಮ್ಮ ಹೆಸರಿನಲ್ಲಿದೆಯಾ? ಡ್ಯಾಶ್‌ಬೋರ್ಡ್ ನಿಮ್ಮ ಲಾಗಿನ್‌ನಿಂದ ಅಂಕಿ ಎಳೆಯುತ್ತಿದೆಯಾ? ಟ್ಯಾಗ್ ಮ್ಯಾನೇಜರ್‌ನಲ್ಲಿ ಅಡ್ಮಿನ್ ನೀವೊಬ್ಬರೇನಾ? ಪೇಮೆಂಟ್ ಪ್ರೊಫೈಲ್‌ನಲ್ಲಿ ಕಂಪನಿಯವರು ಇನ್ನೊಬ್ಬರು ಇದ್ದಾರಾ? ಒಂದೊಂದನ್ನೂ ಕಂಪನಿಯ ಇಮೇಲ್‌ಗೆ ವರ್ಗಾಯಿಸಿ. ಪಾಸ್‌ವರ್ಡ್‌ಗಳನ್ನು ನೋಟ್‌ನಲ್ಲಿ ಬರೆಯಬೇಡಿ, ಆಕ್ಸೆಸ್ ಆಕ್ಸೆಸ್ ಆಗಿಯೇ ಹೋಗಲಿ.

ವರ್ಗಾಯಿಸಿದ್ದು ಸರಿಯಾಗಿದೆಯಾ ಅಂತ ತಿಳಿಯುವುದಕ್ಕೆ ಒಂದೇ ದಾರಿ. ಕೊನೆಯ ದಿನಕ್ಕೆ ಮೂರು ದಿನ ಇರುವಾಗ ಎಲ್ಲ ಕಡೆಯಿಂದ ನಿಮ್ಮ ಆಕ್ಸೆಸ್ ತೆಗೆಸಿಬಿಡಿ. ನೀವು ಆಫೀಸಿನಲ್ಲೇ ಇರಿ, ಒಂದು ದಿನ ಕಾಯಿರಿ, ಏನು ನಿಲ್ಲುತ್ತದೆ ನೋಡಿ. ನಾನು ಹಾಗೆ ಮಾಡಿದ ಮಾರನೇ ಬೆಳಗ್ಗೆ ಎರಡು ನಿಂತಿದ್ದವು. ಮಾಲೀಕರ ಫೋನ್‌ನಲ್ಲಿ ಡ್ಯಾಶ್‌ಬೋರ್ಡ್ ತೆರೆಯಲಿಲ್ಲ, ಯಾಕೆಂದರೆ ಅದರಲ್ಲಿದ್ದ ಮೂರು ಡೇಟಾ ಮೂಲಗಳಲ್ಲಿ ಒಂದನ್ನು ನಾನು ಮರೆತಿದ್ದೆ. SV ಅಪ್‌ಲೋಡ್ ಕೂಡ ನಿಂತಿತ್ತು. ಶೀಟ್ ಕಂಪನಿಯ ಹೆಸರಿಗೆ ಹೋಗಿತ್ತು, ಆದರೆ ದಿನಾ ಎತ್ತಿಕೊಳ್ಳುವ ಶೆಡ್ಯೂಲ್ ನನ್ನ ಲಾಗಿನ್‌ನಿಂದ ಮಾಡಿದ್ದು. ಎರಡನ್ನೂ ಮಧ್ಯಾಹ್ನದ ಒಳಗೆ ಕಂಪನಿಯ ಲಾಗಿನ್‌ನಿಂದ ಮತ್ತೆ ಮಾಡಿಸಿ, ಮರುದಿನ ಸಾಲುಗಳು ಸರಿಯಾಗಿ ಹೋದವಾ ಅಂತ ಟೆಲಿಕಾಲರ್ ಶೀಟ್ ಎದುರಿಗಿಟ್ಟುಕೊಂಡು ಎಣಿಸಿ ನೋಡಿದೆವು. ಅಲ್ಲಿ ನಾಲ್ಕು SV ಇತ್ತು, ಅಪ್‌ಲೋಡ್‌ನಲ್ಲೂ ನಾಲ್ಕೇ ಸಾಲು.

ನನ್ನ ನೋಟ್ ಕೊನೆಗೆ ಐದು ಪುಟ ಆಯಿತು. ನಿಮ್ಮ 22 ಪುಟದಿಂದ ಸ್ಕ್ರೀನ್‌ಶಾಟ್ ತೆಗೆದು, ಉಳಿದ ಪ್ರತಿ ಸಾಲಿಗೂ ‘ಯಾಕೆ’, ‘ಯಾವಾಗ ತೆಗೆಯಬಹುದು’ ಸೇರಿಸುತ್ತಾ ಹೋಗಿ. ಯಾಕೆ ಅಂತ ನಿಮಗೇ ನೆನಪಿಲ್ಲದ ಸಾಲು ಸಿಕ್ಕರೆ ‘ಕಾರಣ ನೆನಪಿಲ್ಲ, ತೆಗೆದು ನೋಡಬಹುದು’ ಅಂತ ಬರೆಯಿರಿ. ಕೊನೆಯ ಎರಡು ವಾರ ಹೊಸ ಬದಲಾವಣೆ ಏನೂ ಮಾಡಬೇಡಿ. ನೋಟ್ ಫೈಲ್ ಕೂಡ ಕಂಪನಿಯ ಡ್ರೈವ್‌ನಲ್ಲಿ, ಕಂಪನಿಯ ಹೆಸರಿನಲ್ಲೇ ಇರಲಿ.